ನಡುಕಂಬದ ಬಳಿಯ ಬಿರುಕು, ಬಿಸಿಲಿನ ಲೆಕ್ಕ

“ಹಾಸನದ ಹತ್ತಿರ ಎರಡು ಸ್ಪ್ಯಾನ್‌ನ ಕಾಂಕ್ರೀಟ್ ಸೇತುವೆ. ನಡುಕಂಬದ ಆಚೀಚೆ ಗರ್ಡರ್‌ನ ತಳದಲ್ಲಿ ಸಣ್ಣ ಬಿರುಕು ಇದೆ. ಅಲ್ಲಿ ಎಳೆತ ಮೇಲ್ಗಡೆ ತಾನೆ?”

ಭಾರದ ಮಟ್ಟಿಗೆ ಹೌದು. ಬಿಸಿಲಿನ ಲೆಕ್ಕ ಉಲ್ಟಾ. ಮಾರ್ಚ್ ಮಧ್ಯಾಹ್ನ ಡೆಕ್ ಕಾಯುತ್ತದೆ, ನೆರಳಲ್ಲಿರುವ ತಳಕ್ಕೆ ಬೆಳಗಿನ ತಂಪು ಇನ್ನೂ ಇರುತ್ತದೆ. ಮೇಲ್ಭಾಗ ಹಿಗ್ಗಿ ಗರ್ಡರ್ ಮೇಲಕ್ಕೆ ಬಾಗುತ್ತದೆ.

2 ಮೀಟರ್ ಆಳದ ಗರ್ಡರ್, ಮೇಲೆ ಕೆಳಗೆ 10 ಡಿಗ್ರಿ ವ್ಯತ್ಯಾಸ, ಅದೂ ಸಮನಾಗಿ ಇಳಿಯುತ್ತದೆ ಅಂದುಕೊಳ್ಳಿ. ಒಂದೇ ಸ್ಪ್ಯಾನ್, 30 ಮೀಟರ್ ಆಗಿದ್ದರೆ ಮಧ್ಯದಲ್ಲಿ ಸುಮಾರು 7 ಮಿ.ಮೀ. ಏಳುತ್ತಿತ್ತು, ಅಷ್ಟೇ. ತಡೆಯುವವರಿಲ್ಲ, ಒತ್ತಡವೂ ಇಲ್ಲ. ನಿಮ್ಮದು ಎರಡೂ ಸ್ಪ್ಯಾನ್‌ಗೆ ಒಂದೇ ಗರ್ಡರ್ ಅಲ್ವಾ? ನಡುಕಂಬದ ಮೇಲೆ ಅದು ಏಳಲು ನೋಡುತ್ತದೆ, ಸ್ವಂತ ತೂಕ ಏಳಲು ಬಿಡುವುದಿಲ್ಲ. ಆಗ ಅಲ್ಲಿ ಹುಟ್ಟುವ ಮೊಮೆಂಟ್:

```
M = 1.5 · E · I · α · ΔT / h
```

E ಕಾಂಕ್ರೀಟ್‌ನ ಬಿಗಿತ, I ಗರ್ಡರ್ ಅಡ್ಡಕೊಯ್ತದ ಜಡತ್ವ, α ಹಿಗ್ಗುವ ದರ, ΔT ಆ 10 ಡಿಗ್ರಿ, h ಆಳ. E 30,000 ಎಂಪಿಎ, α 12×10⁻⁶ ಹಾಕಿ, ಅಡ್ಡಕೊಯ್ತ ಮೇಲೆ ಕೆಳಗೆ ಸಮ ಅಂದುಕೊಂಡರೆ ತಳದಲ್ಲಿ ಸುಮಾರು 2.7 ಎಂಪಿಎ ಎಳೆತ. ಕಾಂಕ್ರೀಟ್ ತಾಳುವುದೇ ಹೆಚ್ಚುಕಡಿಮೆ ಅಷ್ಟು. ಸ್ಪ್ಯಾನ್ ಉದ್ದ ಸೂತ್ರದಲ್ಲಿ ಇಲ್ಲವೇ ಇಲ್ಲ, ಗಮನಿಸಿ.

ಕಂಬದ ನೆತ್ತಿಯಲ್ಲಿ ತೂಕದ ಮೊಮೆಂಟ್ ತಳವನ್ನು ಅದುಮಿ ಕಾಪಾಡುತ್ತದೆ. ಸ್ವಲ್ಪ ದೂರ ಹೋದರೆ ಆ ಮೊಮೆಂಟ್ ಸೊನ್ನೆಗೆ ಇಳಿಯುತ್ತದೆ, ಬಿಸಿಲಿನದ್ದು ಮಾತ್ರ ಜಾಸ್ತಿ ಕಡಿಮೆಯಾಗಿರುವುದಿಲ್ಲ. ಬಿರುಕು ಬರುವುದು ಅಲ್ಲೇ, ಅದರಲ್ಲೂ ತಳದ ಕಂಬಿ ಕಡಿಮೆ ಇಟ್ಟಿದ್ದರೆ.

ಸುಮ್ನೆ ಗ್ರೌಟ್ ತುಂಬಬೇಡಿ. ಮೋಡವಿಲ್ಲದ ದಿನ ಬೆಳಗಿನ 6ಕ್ಕೆ, ಮಧ್ಯಾಹ್ನ 3ಕ್ಕೆ ಬಿರುಕಿನ ಅಗಲ ಅಳೆಯಿರಿ. ಮಧ್ಯಾಹ್ನ ತೆರೆದು ಬೆಳಗ್ಗೆ ಮುಚ್ಚಿದರೆ ಬಿಸಿಲಿನದೇ ಕೆಲಸ. ಎರಡೂ ಹೊತ್ತು ಒಂದೇ ಇದ್ದರೆ ಕಂಬ ಕುಸಿದಿದೆಯೇ ಅಂತ ಲೆವೆಲ್ ಹಾಕಿ ನೋಡಿ.