ಬೋಗುಣಿಯ ಕಪ್ಪಿಗೆ ಹುಣಸೆಹಣ್ಣು

"ಕಲಬುರಗಿಯಲ್ಲಿದ್ದೇವೆ. ಬೋರಿನ ನೀರಲ್ಲಿ ಆಲೂಗಡ್ಡೆ ಬೇಯಿಸಿ ಅಲ್ಯೂಮಿನಿಯಂ ಬೋಗುಣಿ ಒಳಗೆಲ್ಲಾ ಕಪ್ಪಾಗಿದೆ. ಸೋಡಾ ಹಾಕಿ ತಿಕ್ಕಿದರೂ ಹೋಗ್ತಿಲ್ಲ."

ಅಕ್ಕ, ಮೊದಲು ಸೋಡಾ ಬಿಡಿ. ಗಡಸು ನೀರು ಕುದಿದಾಗ ಅದರ ಕ್ಷಾರ ಜಾಸ್ತಿಯಾಗಿ ಅಲ್ಯೂಮಿನಿಯಂ ಕಪ್ಪಾಗುತ್ತದೆ. ಸೋಡಾನೂ ಕ್ಷಾರವೇ ಅಲ್ವಾ? ಇದಕ್ಕೆ ಹುಳಿ ಬೇಕು.

ನಮ್ಮ ಮೂರು ಲೀಟರ್ ಬೋಗುಣಿಗೆ ನಿಂಬೆ ಗಾತ್ರದ ಹುಣಸೆಹಣ್ಣು ಹಾಕಿ, ಕಪ್ಪು ಮುಳುಗುವಷ್ಟು ನೀರು ತುಂಬಿ, ಸಣ್ಣ ಉರಿಯಲ್ಲಿ 20 ನಿಮಿಷ ಕುದಿಸಿದೆ. ಬಣ್ಣ ತಿಳಿಯಾಗುವುದು ಕಣ್ಣಿಗೇ ಕಾಣುತ್ತದೆ. ಆ ನೀರು ಚೆಲ್ಲಿ, ತೆಂಗಿನ ನಾರಿನಿಂದ ಮೆಲ್ಲಗೆ ಉಜ್ಜಿ, ತೊಳೆದು ತಕ್ಷಣ ಒರೆಸಿ. ಹುಳಿ ನೀರನ್ನು ರಾತ್ರಿಯಿಡೀ ಮಾತ್ರ ಬಿಡಬೇಡಿ, ಲೋಹ ತಿನ್ನುತ್ತದೆ. ಈಗಾಗಲೇ ಸಣ್ಣ ಗುಳಿ ಬಿದ್ದಿದ್ದರೆ ಅವು ಹೋಗುವುದಿಲ್ಲ.

ಮುಂದೆ ಆಲೂಗಡ್ಡೆ ಬೇಯಿಸುವಾಗ ಹಿಂಡಿದ ನಿಂಬೆ ಸಿಪ್ಪೆ ಒಂದನ್ನು ನೀರಿಗೆ ಹಾಕಿ.