ಹೊಸ ಟೀಮ್‌ಗೆ ಲೀಡ್ ಆದ ಹಳೆಯ ಕಲೀಗ್‌ಗೆ ಏನಂತ ಬರೆಯಲಿ?

ಪ್ರಶ್ನೆ: ನನ್ನ ಜೊತೆ ಕೆಲಸ ಮಾಡಿದ್ದವರು ಈಗ ಬೇರೆ ಕಂಪನಿಯಲ್ಲಿ ಹೊಸ ಟೀಮ್‌ಗೆ ಲೀಡ್ ಆಗಿದ್ದಾರೆ. ನನಗೂ ಆ ಟೀಮ್ ಸೇರುವ ಆಸೆ. ಸ್ವಾರ್ಥಿ ಅನ್ನಿಸದ ಹಾಗೆ ಹೇಗೆ ಕೇಳಲಿ? ಈಗ ಸುಮ್ನೆ ಅಭಿನಂದನೆ ಹೇಳಿ, ನಿಧಾನಕ್ಕೆ ವಿಷಯ ತೆಗೆಯಲಾ?

ಉತ್ತರ:

ಆ ಅಭಿನಂದನೆಯ ಮೆಸೇಜ್ ನಾನೂ ಕಳಿಸಿದ್ದೆ. ಅದರಿಂದಲೇ ಒಂದು ಒಳ್ಳೆಯ ಜಾಗ ಕೈತಪ್ಪಿತು.

ನಾವಿಬ್ಬರೂ ಮೂರು ವರ್ಷ ಒಂದೇ ಟೀಮಿನಲ್ಲಿದ್ದೆವು. ಅವರು ಡೆವಲಪರ್, ನಾನು ಟೆಸ್ಟಿಂಗ್. ಅವರು ಕಂಪನಿ ಬಿಟ್ಟು ಒಂದೂವರೆ ವರ್ಷವಾಗಿತ್ತು. ಒಂದು ರಾತ್ರಿ ಅವರ ಪೋಸ್ಟ್ ಕಣ್ಣಿಗೆ ಬಿತ್ತು, ಬಿಲ್ಲಿಂಗ್‌ಗೆ ಹೊಸ ಟೀಮ್ ಕಟ್ಟುತ್ತಿದ್ದೇನೆ, ನಾನೇ ಲೀಡ್ ಅಂತ. ಓದಿದ ಹತ್ತು ನಿಮಿಷಕ್ಕೆ ಬರೆಯಲು ಕೂತೆ. ಮೊದಲು ಅಭಿನಂದನೆ. ಆಮೇಲೆ ರಾತ್ರಿಯೆಲ್ಲ ಕೂತು ರಿಲೀಸ್ ಮಾಡಿದ ಹಳೆಯ ನೆನಪುಗಳು. ಆಮೇಲೆ, ನೀವು ಹೋದ ಮೇಲೆ ಇಲ್ಲಿ ಏನೂ ಸರಿಯಿಲ್ಲ, ಹೊಸ ಮ್ಯಾನೇಜರ್‌ಗೆ ನಮ್ಮ ಕೆಲಸವೇ ಅರ್ಥವಾಗಲ್ಲ, ಎರಡು ವರ್ಷದಿಂದ ಸಂಬಳ ಏರಿಲ್ಲ ಅಂತ ಒಂದು ಉದ್ದದ ಗೋಳು. ಕೊನೆಯಲ್ಲಿ ಎರಡು ಸಾಲು: "ನಿಮ್ಮ ಟೀಮಿನಲ್ಲಿ ಏನಾದರೂ ಇದ್ದರೆ ನೋಡಿ. ಯಾವ ಕೆಲಸವಾದರೂ ಪರವಾಗಿಲ್ಲ, ನನ್ನ ಬಗ್ಗೆ ನಿಮಗೆ ಗೊತ್ತೇ ಇದೆಯಲ್ಲ."

ಒಂದು ಗಂಟೆಯೊಳಗೆ ಉತ್ತರ ಬಂತು. "ಖಂಡಿತ, ನೋಡಿ ಹೇಳ್ತೀನಿ." ಆಮೇಲೆ ಏನೂ ಇಲ್ಲ. ಮೂರು ವಾರ ಕಾದೆ. ಲೀಡ್ ಆದ ಮೇಲೆ ಮನುಷ್ಯ ಬದಲಾದರು ಅಂದುಕೊಂಡೆ, ತುಂಬಾ ಬೇಜಾರಾಯಿತು. ಅಷ್ಟರಲ್ಲಿ ಅವರ ಟೀಮಿಗೆ ಟೆಸ್ಟಿಂಗ್‌ಗೆ ಅಂತ ಹೊರಗಿನಿಂದ ಯಾರನ್ನೋ ತೆಗೆದುಕೊಂಡರು ಅಂತ ಗೊತ್ತಾಯಿತು.

ಸ್ವಲ್ಪ ದಿನವಾದ ಮೇಲೆ ಅವರೇ ಫೋನ್ ಮಾಡಿದರು. ನಾನು ಬೇಜಾರನ್ನು ಮುಚ್ಚಿಡಲಿಲ್ಲ, ನೇರವಾಗಿ ಕೇಳಿಬಿಟ್ಟೆ. ಅವರು ಹೇಳಿದ್ದು ಇಷ್ಟು: "ನಿಮ್ಮನ್ನು ಕರೆಸಬೇಕು ಅಂತ ನನಗೆ ಮನಸ್ಸಿತ್ತು. ಆದರೆ ಆ ಮೆಸೇಜನ್ನು ನಾನು ಯಾರಿಗೂ ತೋರಿಸುವ ಹಾಗಿರಲಿಲ್ಲ."

ಈ ಒಂದು ಮಾತನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನನಗೆ ಗೊತ್ತಿಲ್ಲದೇ ಇದ್ದದ್ದು ಇದೇ.

ಹೊಸ ಟೀಮಿನ ಲೀಡ್ ಅಂದರೆ ಬೇಕಾದವರನ್ನು ಕರೆದುಕೊಳ್ಳುವ ಅಧಿಕಾರ ಇರುವವರು ಅಂತ ನಾವು ಅಂದುಕೊಳ್ಳುತ್ತೇವೆ. ಸಾಮಾನ್ಯವಾಗಿ ಹಾಗಿರುವುದಿಲ್ಲ. ಎಷ್ಟು ಜನರನ್ನು ತೆಗೆದುಕೊಳ್ಳಬಹುದು ಅನ್ನುವುದಕ್ಕೆ ಮೇಲಿನವರ ಒಪ್ಪಿಗೆ ಬೇಕು. ಪ್ರತಿ ಜಾಗಕ್ಕೂ ಎಚ್‌ಆರ್ ಕಡೆಯಿಂದ ರಿಕ್ರೂಟರ್ ಇರುತ್ತಾರೆ. ನನ್ನ ಕಲೀಗ್‌ಗೆ ಶುರುವಿನಲ್ಲಿ ಒಪ್ಪಿಗೆ ಸಿಕ್ಕಿದ್ದು ಎರಡೇ ಜಾಗಕ್ಕೆ. "ನನಗೆ ಗೊತ್ತಿರುವ ಒಬ್ಬರಿದ್ದಾರೆ" ಅಂದ ತಕ್ಷಣ ಅವರ ಮ್ಯಾನೇಜರ್ ಕೇಳುವ ಮೊದಲ ಪ್ರಶ್ನೆ, "ಯಾರು, ಇಲ್ಲಿ ಬಂದು ಏನು ಮಾಡ್ತಾರೆ?" ಆ ಪ್ರಶ್ನೆಗೆ ಉತ್ತರ ನನ್ನ ಮೆಸೇಜಿನಲ್ಲಿ ಇರಬೇಕಿತ್ತು, ಅದಿರಲಿಲ್ಲ. ಅವರೇ ಕೂತು ನನ್ನ ಪರವಾಗಿ ಬರೆಯಬೇಕಾಗುತ್ತಿತ್ತು. ಆಗ ಅವರು ಆ ಕೆಲಸಕ್ಕೆ ಸೇರಿ ಒಂದು ತಿಂಗಳಾಗಿತ್ತು ಅಷ್ಟೇ, ಅವರ ಮೇಲೆ ಅಲ್ಲಿ ಯಾರಿಗೂ ಇನ್ನೂ ಪೂರ್ತಿ ನಂಬಿಕೆ ಬಂದಿರಲಿಲ್ಲ. ಅಂಥ ಸಮಯದಲ್ಲಿ ಮೊದಲನೆಯ ಜಾಗಕ್ಕೇ ಹಳೆಯ ಸ್ನೇಹಿತರನ್ನು ತಂದರೆ, ಅದೂ ತಾವೇ ಹೊಗಳಿ ಬರೆದು ತಂದರೆ, ನೋಡುವವರಿಗೆ ಏನನ್ನಿಸುತ್ತದೆ ಹೇಳಿ.

ನನ್ನ ಒಂದೊಂದು ಸಾಲೂ ಅವರ ಕೈ ಕಟ್ಟಿತ್ತು. "ಯಾವ ಕೆಲಸವಾದರೂ ಪರವಾಗಿಲ್ಲ" ಅಂದಾಗ, ನಾನು ಯಾವ ಕೆಲಸಕ್ಕೆ ಆಗುತ್ತೇನೆ ಅಂತ ಹುಡುಕುವ ಹೊರೆ ಅವರ ಮೇಲೆ ಬಿತ್ತು. "ನನ್ನ ಬಗ್ಗೆ ನಿಮಗೆ ಗೊತ್ತೇ ಇದೆ" ಅನ್ನುವುದು ಅವರ ಮಟ್ಟಿಗೆ ನಿಜ, ಆದರೆ ಅವರ ಮ್ಯಾನೇಜರ್‌ಗೆ ನಾನು ಯಾರೋ. ಅವರಿಗೆ ಗೊತ್ತಿದ್ದದ್ದೂ ಒಂದೂವರೆ ವರ್ಷದ ಹಿಂದಿನ ನಾನು. ಈ ನಡುವೆ ನಾನು ಆರು ಗಂಟೆ ಓಡುತ್ತಿದ್ದ ಟೆಸ್ಟ್‌ಗಳನ್ನು ಐವತ್ತು ನಿಮಿಷಕ್ಕೆ ಇಳಿಸಿದ್ದೆ, ಅದನ್ನೇ ಬರೆದಿರಲಿಲ್ಲ! ಇನ್ನು ಮ್ಯಾನೇಜರ್ ಮೇಲಿನ ದೂರು. ಅದನ್ನು ಸ್ನೇಹಿತರು ಓದಿದರೆ ಅಯ್ಯೋ ಪಾಪ ಅನ್ನುತ್ತಾರೆ. ಗುರುತಿಲ್ಲದವರು ಓದಿದರೆ, ನಾಳೆ ನಮ್ಮ ಬಗ್ಗೆಯೂ ಹೀಗೇ ಬರೀತಾರೆ ಅಂದುಕೊಳ್ಳುತ್ತಾರೆ. ಅದು ಹೊರಟದ್ದು ಸ್ನೇಹಿತರಿಗೆ ನಿಜ, ಆದರೆ ಮುಂದೆ ಹೋಗಬೇಕಾಗಿದ್ದದ್ದು ಗುರುತಿಲ್ಲದವರ ಹತ್ತಿರ.

ಅದಕ್ಕೇ ನಿಮ್ಮ ಪ್ರಶ್ನೆಯನ್ನು ನಾನು ಒಪ್ಪುವುದಿಲ್ಲ. ಸ್ವಾರ್ಥಿ ಅನ್ನಿಸುತ್ತದಾ ಅಂತ ಯೋಚಿಸುತ್ತಾ ಕೂರಬೇಡಿ. ಟೀಮ್ ಕಟ್ಟುವವರಿಗೆ ಆ ತಿಂಗಳುಗಳ ದೊಡ್ಡ ತಲೆನೋವೇ ಜನರನ್ನು ಹುಡುಕುವುದು. ತಮಗೆ ಗೊತ್ತಿರುವ, ಕೆಲಸ ಬರುವ ಒಬ್ಬರು ತಾವಾಗಿಯೇ ಕೇಳಿದರೆ ಅವರಿಗೆ ಖುಷಿಯೇ. ಮನಸ್ಸಿಗೆ ಚುಚ್ಚುವುದು ನೀವು ಅಂದುಕೊಂಡಿರುವ ನಿಧಾನದ ದಾರಿ. ಇವತ್ತು ಅಭಿನಂದನೆ ಹೇಳಿ ಎರಡು ವಾರ ಬಿಟ್ಟು ಕೆಲಸ ಕೇಳಿದರೆ, ಆ ಅಭಿನಂದನೆಯೂ ಇದಕ್ಕೇ ಇರಬೇಕು ಅನ್ನಿಸಿಬಿಡುತ್ತದೆ. ಅಭಿನಂದನೆ ಒಂದು ಸಾಲು, ಅದರ ಕೆಳಗೇ ವಿಷಯ, ಎರಡೂ ಒಂದೇ ಮೆಸೇಜಿನಲ್ಲಿ ಇರಲಿ.

ಎರಡನೇ ಸಲ ನಾನು ಬರೆದದ್ದು ಹತ್ತು ತಿಂಗಳ ನಂತರ, ಅದೇ ಕಲೀಗ್‌ಗೆ. ಅವರ ಮೊದಲ ರಿಲೀಸ್ ಮುಗಿದಿತ್ತು, ಹಳೆಯ ಗ್ರಾಹಕರನ್ನು ಹೊಸ ಬಿಲ್ಲಿಂಗ್‌ಗೆ ತರುತ್ತಿದ್ದೇವೆ ಅಂತ ಅವರೇ ಪೋಸ್ಟ್ ಹಾಕಿದ್ದರು. ಈ ಸಲ ಮೊದಲು ಅವರ ಟೀಮ್ ಕರೆದಿದ್ದ ಕೆಲಸಗಳನ್ನೆಲ್ಲ ಓದಿದೆ. ನಾಲ್ಕಿದ್ದವು, ಟೆಸ್ಟಿಂಗ್‌ಗೆ ಅಂತ ಒಂದೂ ಇರಲಿಲ್ಲ. ಆದರೆ ಎರಡು ಡೆವಲಪರ್ ಜಾಗಗಳ ವಿವರದಲ್ಲಿ ಹಳೆಯ ಬಿಲ್ಲನ್ನೂ ಹೊಸ ಬಿಲ್ಲನ್ನೂ ಹೋಲಿಸಿ ನೋಡುವ ಕೆಲಸ ಸೇರಿಕೊಂಡಿತ್ತು. ಅಂದರೆ ಟೆಸ್ಟಿಂಗ್ ಕೆಲಸವನ್ನು ಡೆವಲಪರ್‌ಗಳೇ ಮಾಡುತ್ತಿದ್ದಾರೆ, ಅಲ್ವಾ? ಅದನ್ನು ಹಿಡಿದುಕೊಂಡು ಹೀಗೆ ಬರೆದೆ:

"ಮೊದಲ ರಿಲೀಸ್ ಆಗಿದ್ದಕ್ಕೆ ಅಭಿನಂದನೆಗಳು. ನಿಮ್ಮ ಟೀಮ್ ಸೇರುವ ಆಸಕ್ತಿ ನನಗಿದೆ, ಅದಕ್ಕೇ ಬರೆಯುತ್ತಿದ್ದೇನೆ. ಹಳೆಯ ಮತ್ತು ಹೊಸ ಬಿಲ್ಲುಗಳನ್ನು ಹೋಲಿಸುವ ಕೆಲಸ ನಿಮ್ಮ ಡೆವಲಪರ್‌ಗಳ ಮೇಲೆ ಬಿದ್ದಿರುವ ಹಾಗೆ ಕಾಣುತ್ತದೆ. ನಾನು ಕಳೆದ ವರ್ಷ ಇಲ್ಲಿ ಅಂಥದ್ದೇ ಕೆಲಸ ಮಾಡಿದ್ದೇನೆ, ಆರು ಗಂಟೆಯ ಟೆಸ್ಟ್ ಈಗ ಐವತ್ತು ನಿಮಿಷಕ್ಕೆ ಮುಗಿಯುತ್ತದೆ. ನಿಮ್ಮಲ್ಲಿ ಬಂದರೆ ಮೊದಲು ಆ ಹೋಲಿಕೆಯನ್ನು ತಾನಾಗಿ ಓಡುವ ಹಾಗೆ ಮಾಡುತ್ತೇನೆ. ಮೊದಲು ನಾವಿಬ್ಬರೂ ಸಮಾನರಾಗಿದ್ದೆವು, ಈಗ ನೀವು ಲೀಡ್. ನಿಮ್ಮ ಕೈಕೆಳಗೆ ಕೆಲಸ ಮಾಡಲು ನನಗೆ ಪೂರ್ತಿ ಒಪ್ಪಿಗೆ. ನನ್ನ ನೋಟಿಸ್ ಎರಡು ತಿಂಗಳು. ಇಂಥ ಜಾಗ ಈಗ ಇದೆಯಾ, ಅಥವಾ ಮುಂದಿನ ಮೂರು ತಿಂಗಳಲ್ಲಿ ಬರಬಹುದಾ? ಇಲ್ಲ ಅಂದರೆ ಒಂದೇ ಮಾತಿನಲ್ಲಿ ಇಲ್ಲ ಅನ್ನಿ, ನನಗೆ ಬೇಸರವಿಲ್ಲ."

ಅವರು ಮೊದಲನೆಯ ಸಾಲು, ಕೊನೆಯ ಸಾಲು ತೆಗೆದು ಉಳಿದದ್ದನ್ನು ಹಾಗೇ ತಮ್ಮ ಮ್ಯಾನೇಜರ್‌ಗೆ ಕಳಿಸಿದರಂತೆ. ನಾಲ್ಕನೇ ದಿನ ರಿಕ್ರೂಟರ್ ಫೋನ್ ಬಂತು. ಇಂಟರ್‌ವ್ಯೂ ಏನೂ ತಪ್ಪಲಿಲ್ಲ, ಮೂರು ಸುತ್ತು ಆಯಿತು, ಯಾವುದರಲ್ಲೂ ಅವರು ಕೂರಲಿಲ್ಲ. ಹಿಂದೆ ಜೊತೆಗೆ ಕೆಲಸ ಮಾಡಿದವರು ಕೂರಬಾರದು ಅಂತ ಅವರೇ ಹೇಳಿದ್ದರಂತೆ. ಅದು ನನಗೂ ಒಳ್ಳೆಯದಾಯಿತು, ಸೇರಿದ ಮೇಲೆ ಯಾರೂ ನನ್ನನ್ನು ಲೀಡ್ ಕಡೆಯವರು ಅಂತ ನೋಡಲಿಲ್ಲ.

ಕೈಕೆಳಗೆ ಕೆಲಸ ಮಾಡುವ ಸಾಲನ್ನು ಬಿಡಬೇಡಿ. ಬರೆಯುವಾಗ ನನಗೂ ಸ್ವಲ್ಪ ಮುಜುಗರವಾಗಿತ್ತು. ಆದರೆ ಅವರು ಆಮೇಲೆ ಹೇಳಿದರು, ಹಳೆಯ ಕಲೀಗ್‌ಗಳನ್ನು ಕರೆಯಲು ಅವರಿಗಿದ್ದ ದೊಡ್ಡ ಅಳುಕೇ ಅದು. ನಾಳೆ ಕೆಲಸ ಸರಿಯಿಲ್ಲ ಅಂತ ಹೇಳಬೇಕಾಗಿ ಬಂದರೆ ಹೇಗೆ ಹೇಳಲಿ ಅಂತ. ಅದನ್ನು ಅವರಾಗಿ ಕೇಳುವುದು ಕಷ್ಟ, ನೀವಾಗಿ ಹೇಳುವುದು ಸುಲಭ.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿರುವುದಿಲ್ಲ. ನಿಮ್ಮ ಕಲೀಗ್ ನಿಮ್ಮ ಈಗಿನ ಕಂಪನಿಯನ್ನೇ ಬಿಟ್ಟು ಹೋದವರಾಗಿದ್ದರೆ, ಇಂತಿಷ್ಟು ಕಾಲ ಇಲ್ಲಿನವರನ್ನು ಸೆಳೆಯುವುದಿಲ್ಲ ಅಂತ ಸಹಿ ಹಾಕಿರಬಹುದು. ಅಂಥ ಷರತ್ತು ಎಷ್ಟೋ ಒಪ್ಪಂದಗಳಲ್ಲಿ ಇರುತ್ತದೆ. ಆಗ ಅವರು ನಿಮ್ಮನ್ನು ಕರೆಯುವ ಹಾಗಿಲ್ಲ. ನೀವಾಗಿಯೇ ಕೇಳಿದರೆ ನಡೆಯುತ್ತದಾ ಅನ್ನುವುದು ಆ ಒಪ್ಪಂದದಲ್ಲಿ ಹೇಗೆ ಬರೆದಿದ್ದಾರೆ ಅನ್ನುವುದರ ಮೇಲೆ ಹೋಗುತ್ತದೆ, ಅವರು ತಮ್ಮ ಎಚ್‌ಆರ್ ಹತ್ತಿರ ಕೇಳಿ ನೋಡಲಿ. ಏನೇ ಆದರೂ ಮೊದಲ ಮಾತು ನಿಮ್ಮ ಕಡೆಯಿಂದ ಹೋಗಿದೆ ಅನ್ನುವುದು ಬರಹದಲ್ಲಿ ಇರುವುದು ಒಳ್ಳೆಯದು, ಅದಕ್ಕೂ ನೀವೇ ಮೊದಲು ಬರೆಯಿರಿ. ಬರೆಯುವುದು ನಿಮ್ಮ ಸ್ವಂತ ಮೇಲ್‌ನಿಂದ, ಆಫೀಸಿನ ಮೇಲ್ ಅಥವಾ ಚಾಟ್‌ನಿಂದ ಬೇಡವೇ ಬೇಡ. ಅದನ್ನು ಕಂಪನಿ ನೋಡಬಹುದು.

ಮೆಸೇಜ್‌ಗೆ ಉತ್ತರ ಬರುವ ಮೊದಲೇ ಅವರ ಕಂಪನಿಯ ವೆಬ್‌ಸೈಟ್‌ಗೆ ಹೋಗಿ ಅರ್ಜಿ ಹಾಕಬೇಡಿ. ಎಷ್ಟೋ ಕಡೆ ನಿಮ್ಮ ಹೆಸರು ಒಮ್ಮೆ ನೇರವಾಗಿ ಒಳಗೆ ಹೋದರೆ ಆಮೇಲೆ ಅದನ್ನು ರೆಫರಲ್ ಅಂತ ತೆಗೆದುಕೊಳ್ಳುವುದಿಲ್ಲ. ಕನ್ಸಲ್ಟೆನ್ಸಿ ಮೂಲಕ ಹೋದರಂತೂ ಇನ್ನೂ ಗೋಜಲು, ಕೆಲವು ತಿಂಗಳು ನಿಮ್ಮ ಹೆಸರು ಅವರ ಖಾತೆಯಲ್ಲೇ ಉಳಿದುಬಿಡಬಹುದು. ಮೊದಲು ಕಲೀಗ್‌ನ ಕೇಳಿ, ಹೇಗೆ ಹಾಕಲಿ ಅಂತ.

ಉತ್ತರ ಬರದಿದ್ದರೆ ಹತ್ತು ದಿನ ಬಿಟ್ಟು ಒಂದೇ ಒಂದು ಸಲ ನೆನಪಿಸಿ. ಅದೂ "ನನ್ನ ಮೆಸೇಜ್ ನೋಡಿದ್ರಾ" ಅಂತಲ್ಲ, ಹೊಸದೇನಾದರೂ ಇದ್ದರೆ ಅದನ್ನು ಸೇರಿಸಿ. ಅದಕ್ಕೂ ಉತ್ತರವಿಲ್ಲದಿದ್ದರೆ ಸುಮ್ಮನಾಗಿ, ಅವರಿಗೆ ಇನ್ನೂ ಜಾಗ ಒಪ್ಪಿಗೆಯಾಗಿಲ್ಲದೆ ಇರಬಹುದು. ಮೂರು ತಿಂಗಳ ಮೇಲೆ ಮತ್ತೆ ಬರೆಯಬಹುದು.

ಇವತ್ತು ರಾತ್ರಿಯೇ ಬರೆಯಬೇಡಿ. ಮೊದಲು ಅವರ ಟೀಮ್ ಯಾವ ಯಾವ ಜಾಗಕ್ಕೆ ಜನ ಹುಡುಕುತ್ತಿದೆ ನೋಡಿ, ನಿಮ್ಮ ಕೆಲಸಕ್ಕೆ ಹತ್ತಿರವಾದದ್ದನ್ನು ಪೂರ್ತಿ ಓದಿ. ನೀವೇನು ಕೆಲಸ ಮಾಡುತ್ತೀರಿ, ಅವರ ಟೀಮ್ ಏನು ಮಾಡುತ್ತದೆ ಅಂತ ಕೆಳಗೆ ಹಾಕಿದರೆ, ಆ "ನಾನು ಬಂದರೆ ಮೊದಲು ಇದನ್ನು ಮಾಡುತ್ತೇನೆ" ಅನ್ನುವ ಸಾಲನ್ನು ಬರೆಯಲು ನಾನೂ ಜೊತೆಗೆ ಕೂರುತ್ತೇನೆ.