ಹಗಲಿನ ಪಾಳಿಯೇ ಭಾರವಾದಾಗ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಲಾಗಿದೆ.)

ಬೆಂಗಳೂರಿನ ವಿಜಯನಗರದಲ್ಲಿ ತಾಯಿ ಮತ್ತು ಅಣ್ಣನ ಜೊತೆ ಇರುವ 26ರ ಯುವತಿ. ಹೊರವರ್ತುಲ ರಸ್ತೆಯ ಕಾಡುಬೀಸನಹಳ್ಳಿಯಲ್ಲಿ ಗ್ರಾಹಕ ಸೇವೆಯ ಕೆಲಸ ಸಿಕ್ಕಿತ್ತು. ಈಗಿನ ಸಂಬಳಕ್ಕಿಂತ ತಿಂಗಳಿಗೆ 9,000 ರೂಪಾಯಿ ಹೆಚ್ಚು. ತಿಂಗಳಲ್ಲಿ ಎರಡು ವಾರ ಬೆಳಿಗ್ಗೆ 10ರಿಂದ ಸಂಜೆ 7ರ ಜನರಲ್ ಶಿಫ್ಟ್, ಇನ್ನೆರಡು ವಾರ ಮಧ್ಯಾಹ್ನ 1:30ರಿಂದ ರಾತ್ರಿ 10:30ರ ಸೆಕೆಂಡ್ ಶಿಫ್ಟ್. ಜನರಲ್ ಶಿಫ್ಟ್ ಬಗ್ಗೆ ಮನೆಯಲ್ಲಿ ಯಾರಿಗೂ ತಕರಾರಿಲ್ಲ. ರಾತ್ರಿಯ ಪಾಳಿ ಬೇಡವೇ ಬೇಡ ಎನ್ನುವುದು ತಾಯಿಯ ಹಟ. ಒಪ್ಪಿಗೆ ತಿಳಿಸಲು ಹತ್ತು ದಿನ ಗಡುವಿತ್ತು.

ಆಕೆಯ ಲೆಕ್ಕ ನಿಂತಿದ್ದು ಒಂದೇ ಪ್ರಯಾಣದ ಮೇಲೆ. ಶನಿವಾರ ಸಂದರ್ಶನಕ್ಕೆ ಕ್ಯಾಬಿನಲ್ಲಿ ಹೋಗಿ ಒಂದು ಗಂಟೆಯೊಳಗೆ ತಲುಪಿದ್ದಳು. ರಜಾದಿನದ ಆ ಒಂದು ಗಂಟೆಯಿಂದ ಕೆಲಸದ ದಿನದ ಬಗ್ಗೆ ಏನೂ ತಿಳಿಯುವುದಿಲ್ಲ. ಏಪ್ರಿಲ್-ಮೇ ತಿಂಗಳ ಅನುಭವವನ್ನೂ ನಂಬಬಾರದು. ಶಾಲೆಗಳು ತೆರೆದು ಮಳೆ ಹಿಡಿದ ಮೇಲೆ ಅದೇ ದಾರಿ ಬೇರೆಯೇ ಆಗಿರುತ್ತದೆ. ಹೊರವರ್ತುಲ ರಸ್ತೆಯ ಕಚೇರಿಗಳು ವಾರದ ನಡುವೆ ಹೆಚ್ಚು ಜನರನ್ನು ಕರೆಸಿಕೊಳ್ಳುವುದರಿಂದ ಮಂಗಳವಾರ, ಬುಧವಾರ, ಗುರುವಾರಗಳಂದೇ ಹೋಗಿ ನೋಡಲು ಹೇಳಿದೆವು. ಹತ್ತು ಗಂಟೆಗೆ ಕಚೇರಿಯ ಕುರ್ಚಿಯಲ್ಲಿ ಕೂರಬೇಕು ಎಂದುಕೊಂಡೇ ಮನೆಯಿಂದ ಹೊರಡಬೇಕು, ಸಂಜೆ 7ಕ್ಕೆ ಅದೇ ಗೇಟಿನಿಂದ ವಾಪಸಾಗಬೇಕು.

ಒಟ್ಟು ಸಮಯ ಬರೆದರೆ ಸಾಲದು, ಒಂದೊಂದು ತುಂಡಿನ ಸಮಯವನ್ನೂ ಫೋನಿನಲ್ಲಿ ಗುರುತು ಹಾಕಿಕೊಳ್ಳಬೇಕು ಎಂದೆವು. ಎಲ್ಲಿ ಎಷ್ಟು ಹೊತ್ತು ಹೋಯಿತು ಎಂದು ಗೊತ್ತಾದರೆ ಮಾತ್ರ ಯಾವುದನ್ನು ಬದಲಿಸಬಹುದು ಎನ್ನುವುದು ತಿಳಿಯುತ್ತದೆ. ಆಕೆ ತಂದ ಬುಧವಾರದ ಲೆಕ್ಕ ಹೀಗಿತ್ತು. ಮನೆಯಿಂದ ವಿಜಯನಗರ ಮೆಟ್ರೊ ನಿಲ್ದಾಣಕ್ಕೆ ನಡಿಗೆ 9 ನಿಮಿಷ, ತಪಾಸಣೆ ಮುಗಿಸಿ ರೈಲು ಹತ್ತುವವರೆಗೆ 6, ನೇರಳೆ ಮಾರ್ಗದಲ್ಲಿ ಕೆ.ಆರ್. ಪುರದವರೆಗೆ 45. ಅಲ್ಲಿಂದ ಇಳಿದು ಬಸ್ ನಿಲ್ದಾಣಕ್ಕೆ 7, ಬಸ್ಸಿಗೆ ಕಾದದ್ದು 14, ಬಸ್ಸಿನಲ್ಲಿ 24. ಟೆಕ್ ಪಾರ್ಕಿನ ಗೇಟಿನಿಂದ ಕಟ್ಟಡದ ಲಿಫ್ಟಿನವರೆಗೆ ಹೋಗಿ, ಅಲ್ಲಿನ ಸಾಲಿನಲ್ಲಿ ನಿಂತದ್ದೂ ಸೇರಿ 13. ಒಟ್ಟು 118 ನಿಮಿಷ, ಅಂದರೆ ಎರಡು ಗಂಟೆಗೆ ಎರಡೇ ನಿಮಿಷ ಕಡಿಮೆ.

ಮಂಗಳವಾರ ಇದೇ ದಾರಿಗೆ 98 ನಿಮಿಷ, ಗುರುವಾರ 104. ಮೂರೂ ದಿನ ಮೆಟ್ರೊದ 45 ನಿಮಿಷ ಹೆಚ್ಚುಕಡಿಮೆ ಹಾಗೇ ಇತ್ತು. ವ್ಯತ್ಯಾಸವೆಲ್ಲ ಕೆ.ಆರ್. ಪುರದ ನಂತರದ ದಾರಿಯಲ್ಲಿ. ಬುಧವಾರ ಬಂದ ಮೊದಲ ಸಾಮಾನ್ಯ ಬಸ್ಸಿನಲ್ಲಿ ಮೆಟ್ಟಿಲವರೆಗೂ ಜನ, ಹತ್ತಲಾಗಲಿಲ್ಲ. ಹಿಂದೆಯೇ ಎಸಿ ವಜ್ರ ಬಂದಿತ್ತು, ಶಕ್ತಿ ಯೋಜನೆಯ ಉಚಿತ ಪ್ರಯಾಣ ಅದಕ್ಕಿಲ್ಲವೆಂದು ಬಿಟ್ಟಳು. ಅಲ್ಲಿಗೇ ಹೋಯಿತು ಹತ್ತು ನಿಮಿಷ. ಇಂಥ ದಾರಿಗೆ ವಜ್ರದ ಟಿಕೆಟನ್ನೂ ತಿಂಗಳ ಖರ್ಚಿಗೆ ಸೇರಿಸಿಕೊಂಡೇ ಲೆಕ್ಕ ಹಾಕಬೇಕು.

ಇಲ್ಲಿ ಸರಾಸರಿ ತೆಗೆಯುವುದು ಮೋಸ. ಸರಾಸರಿ 107 ಎಂದುಕೊಂಡು ಹೊರಟರೆ ಬುಧವಾರದಂಥ ದಿನ ಹನ್ನೊಂದು ನಿಮಿಷ ತಡ. ಲಾಗಿನ್ ಸಮಯ ಕಟ್ಟುನಿಟ್ಟಾಗಿರುವ ಕೆಲಸದಲ್ಲಿ ಕೆಟ್ಟ ದಿನದ ಲೆಕ್ಕವೇ ನಿಜವಾದ ಲೆಕ್ಕ. ಹಾಗಾಗಿ ಆಕೆ ದಿನವೂ 8ಕ್ಕೆ ಮೊದಲೇ ಮನೆ ಬಿಡಬೇಕು. ಸಂಜೆ ವಾಪಸಾಗುವುದು ಇನ್ನೂ ನಿಧಾನ: ಮಳೆ ಬಂದ ಒಂದು ಸಂಜೆ ಮನೆ ಸೇರಿದಾಗ 9:10. ಒಂಬತ್ತು ಗಂಟೆಯ ಕೆಲಸಕ್ಕೆ ನಾಲ್ಕು ಗಂಟೆಯ ಓಡಾಟ.

ರಾತ್ರಿಯ ದಾರಿಯನ್ನು ಬೇರೆಯಾಗಿಯೇ ನೋಡಬೇಕು, ಒಬ್ಬಳೇ ಹೋಗಬಾರದು ಎಂದು ಹೇಳಿದ್ದೆವು. ಅಣ್ಣನ ಜೊತೆ ಕೆಲಸದ ದಿನವೇ 10:30ಕ್ಕೆ ಆ ಗೇಟಿನ ಮುಂದೆ ನಿಂತಳು. ಮೆಟ್ರೊ ಮೊದಲೇ ಕೈಬಿಟ್ಟ ಹಾಗಾಯಿತು. ಕೆ.ಆರ್. ಪುರ ತಲುಪುವಾಗ 11ರ ಆಸುಪಾಸು, ಕೊನೆಯ ರೈಲಿನ ಹೊತ್ತೂ ಅದೇ. ಕೊನೆಯ ಕರೆ ಹತ್ತು ನಿಮಿಷ ಎಳೆದರೆ ರೈಲು ತಪ್ಪುತ್ತದೆ, ತಪ್ಪಿದರೆ ಅಪರಿಚಿತ ಜಾಗದಲ್ಲಿ ನಿಲ್ಲಬೇಕು. ದಿನವೂ ಸಿಗುತ್ತದೆ ಎನ್ನಲಾಗದ ರೈಲನ್ನು ಲೆಕ್ಕಕ್ಕೆ ಹಿಡಿಯಲೇಬಾರದು.

ಆಟೊ ಲೆಕ್ಕವನ್ನೂ ಹಾಕಿಸಿದೆವು. ಮೀಟರ್ ದರ 2 ಕಿ.ಮೀ.ಗೆ 36 ರೂಪಾಯಿ, ನಂತರ ಕಿ.ಮೀ.ಗೆ 18. ಸುಮಾರು 25 ಕಿ.ಮೀ.ಗೆ 450, ರಾತ್ರಿ 10ರ ಮೇಲೆ ಒಂದೂವರೆ ಪಟ್ಟು, ಅಂದರೆ 675. ತಿಂಗಳಲ್ಲಿ ಹತ್ತು ರಾತ್ರಿ ಎಂದರೆ 6,750. ಹೆಚ್ಚಾಗುವ ಸಂಬಳದ ಮುಕ್ಕಾಲು ಪಾಲು ಅಲ್ಲಿಗೇ ಸಂದಾಯ, ಅದೂ ಮೀಟರ್ ಹಾಕಿ ಬರುವವರು ಸಿಕ್ಕರೆ.

ಉಳಿದದ್ದು ಕಂಪನಿಯ ಕ್ಯಾಬ್. ‘ಡ್ರಾಪ್ ಇದೆ’ ಎಂದು ಎಚ್‌ಆರ್‌ನವರು ಫೋನಿನಲ್ಲಿ ಹೇಳಿದ್ದರು. ಎರಡನೆಯ ಭೇಟಿಗೆ ಬಂದಿದ್ದ ತಾಯಿ ಕೇಳಿದ ಪ್ರಶ್ನೆ ನಮ್ಮ ಕೆಲಸ ಅರ್ಧ ಮುಗಿಸಿತು: “ಡ್ರಾಪ್ ಅಂದ್ರೆ ಎಲ್ಲಿಗೆ ಬಿಡ್ತಾರಂತೆ, ಕೇಳಿದ್ಯಾ?” ಆಕೆ ಕೇಳಿರಲಿಲ್ಲ. ಕೇಳಬೇಕಾದ್ದನ್ನೆಲ್ಲ ಒಂದು ಮೇಲ್‌ನಲ್ಲಿ ಬರೆಸಿದೆವು: ಎಷ್ಟು ಗಂಟೆಯ ಲಾಗೌಟ್‌ನಿಂದ ಕ್ಯಾಬ್ ಸಿಗುತ್ತದೆ, ಮನೆ ಬಾಗಿಲಿಗೋ ಮುಖ್ಯರಸ್ತೆಗೋ, ದೂರಕ್ಕೆ ಮಿತಿ ಇದೆಯೇ, ಕೊನೆಗೆ ಇಳಿಯುವವರು ಯಾರು, ಕಾವಲುಗಾರ ಇರುತ್ತಾರೆಯೇ, ಕೆಲಸ ತಡವಾದರೆ ಅಥವಾ ಕ್ಯಾಬ್ ಬರದಿದ್ದರೆ ಯಾರಿಗೆ ಫೋನ್ ಮಾಡಬೇಕು. ಇದನ್ನು ಕೇಳಲು ಸಂಕೋಚ ಪಡಬೇಕಾಗಿಲ್ಲ. ರಾತ್ರಿ 8ರ ನಂತರ ಮಹಿಳೆಯರನ್ನು ದುಡಿಸಲು ಕರ್ನಾಟಕದಲ್ಲಿ ಹಾಕಿರುವ ಷರತ್ತುಗಳಲ್ಲಿ ಅವರ ಲಿಖಿತ ಒಪ್ಪಿಗೆಯೂ ಇದೆ, ಸಂಸ್ಥೆಯೇ ವಾಹನ ಒದಗಿಸಬೇಕೆಂಬುದೂ ಇದೆ.

ಬಂದ ಉತ್ತರದಲ್ಲಿ ಕೊಕ್ಕೆ ಇತ್ತು. ಮನೆ ಬಾಗಿಲಿಗೆ ಬಿಡುವುದು 20 ಕಿ.ಮೀ. ಒಳಗಿನವರಿಗೆ ಮಾತ್ರ. ಅದರಾಚೆಯವರು ನಗರದ ಮಧ್ಯದ ಒಂದು ವೃತ್ತದಲ್ಲಿ ಇಳಿಯಬೇಕು. ಅಂದರೆ ರಾತ್ರಿ 11:15ಕ್ಕೆ ಅಲ್ಲಿ ನಿಂತು ಇನ್ನೊಂದು ಗಾಡಿ ಹುಡುಕಬೇಕು. ಇದಕ್ಕೆ ಒಪ್ಪಬೇಡಿ ಎಂದು ಸ್ಪಷ್ಟವಾಗಿ ಹೇಳಿದೆವು.

ತುಂಡುಗಳನ್ನೆಲ್ಲ ಪಕ್ಕಪಕ್ಕ ಇಟ್ಟಾಗ ಮನೆಯವರು ಎಣಿಸದ ಸಂಗತಿ ಕಂಡಿತು. ಸೆಕೆಂಡ್ ಶಿಫ್ಟಿಗೆ 11:40ಕ್ಕೆ ಹೊರಟು ನೋಡಿದಾಗ 85 ನಿಮಿಷ. ರಾತ್ರಿ ಅಣ್ಣನ ಜೊತೆ ಕ್ಯಾಬಿನಲ್ಲಿ ನೇರವಾಗಿ ಬಂದಾಗ 50 ನಿಮಿಷ. ಬಾಗಿಲಿನವರೆಗೆ ಡ್ರಾಪ್ ಸಿಕ್ಕರೆ, ಕ್ಯಾಬಿಗೆ ಕಾಯುವ ಹೊತ್ತು ಮತ್ತು ದಾರಿಯಲ್ಲಿ ಬೇರೆಯವರನ್ನು ಇಳಿಸುವ ಹೊತ್ತು ಸೇರಿದರೂ ತಾಯಿ ಹೆದರಿದ್ದ ಪಾಳಿಯೇ ದೇಹಕ್ಕೆ ಹಗುರ. ಯಾರೂ ತಕರಾರೆತ್ತದ ಜನರಲ್ ಶಿಫ್ಟೇ ಆಕೆಯನ್ನು ಹಿಂಡಿಹಾಕುವಂಥದ್ದು.

ಆದ್ದರಿಂದ ಎರಡೇ ಬೇಡಿಕೆ ಇಡಲು ಸಲಹೆ ಕೊಟ್ಟೆವು. ಸೆಕೆಂಡ್ ಶಿಫ್ಟಿನಲ್ಲಿ ಮನೆ ಬಾಗಿಲಿನವರೆಗೆ ಡ್ರಾಪ್, ಜನರಲ್ ಶಿಫ್ಟಿನ ವಾರಗಳಲ್ಲಿ ಎರಡು ದಿನ ಮನೆಯಿಂದ ಕೆಲಸ. ಎರಡೂ ಮೇಲ್‌ನಲ್ಲೇ ಬರಬೇಕು. ಮೊದಲನೆಯದು ಸಿಗದಿದ್ದರೆ ಕೆಲಸ ಬೇಡ. ಎರಡನೆಯದು ಸಿಗದಿದ್ದರೆ ಮಾರತ್ತಹಳ್ಳಿ ಕಡೆಯ ಪಿಜಿ ಬಾಡಿಗೆಯನ್ನು ಆ 9,000ದಲ್ಲಿ ಕಳೆದು ನೋಡಿ ತೀರ್ಮಾನಿಸಬೇಕು.

ಡ್ರಾಪ್‌ಗೆ ಕಂಪನಿ ಒಪ್ಪಿತು, ಮನೆಯಿಂದ ಕೆಲಸ ವಾರಕ್ಕೆ ಒಂದು ದಿನ ಸಿಕ್ಕಿತು. ಆಕೆ ಒಪ್ಪಿಕೊಂಡಳು. ಸೇರುವ ಮೊದಲು ರಾತ್ರಿಗಳ ಕ್ರಮವನ್ನೂ ಗಟ್ಟಿ ಮಾಡಿಕೊಂಡೆವು. ಕ್ಯಾಬಿಗೆ ಕಾಯುವುದು ಲಾಬಿಯ ಒಳಗೆ, ಗೇಟಿನ ಹೊರಗಲ್ಲ. ಗಾಡಿಯ ನಂಬರ್ ಆ್ಯಪ್‌ನಲ್ಲಿರುವುದಕ್ಕೆ ಸರಿಹೊಂದಿದರೆ ಮಾತ್ರ ಹತ್ತುವುದು, ಹತ್ತುತ್ತಲೇ ಅಣ್ಣನಿಗೆ ಲೈವ್ ಲೊಕೇಶನ್. ಮನೆಯ ಅಡ್ಡರಸ್ತೆಯಲ್ಲಿ ಎರಡು ದೀಪ ಕೆಟ್ಟಿದ್ದು, ನಾಯಿಗಳ ಗುಂಪೂ ಇರುವುದರಿಂದ ಗಾಡಿ ಒಳಗೇ ಬರಬೇಕು, ಆಕೆ ಬಾಗಿಲೊಳಗೆ ಹೋದ ಮೇಲೆಯೇ ಹೊರಡಬೇಕು. ಕಂಪನಿಯ ಸಾರಿಗೆ ವಿಭಾಗದ ನಂಬರ್ ಮತ್ತು 112 ತಾಯಿಯ ಫೋನಿನಲ್ಲೂ ಇವೆ. ಕ್ಯಾಬ್ ಅರ್ಧ ಗಂಟೆ ಬರದಿದ್ದರೆ ಆಕೆ ತಾನೇ ಗಾಡಿ ಹುಡುಕಿಕೊಂಡು ಹೊರಡುವುದಿಲ್ಲ. ಮೇಲಧಿಕಾರಿಗೆ ಫೋನ್ ಮಾಡಿ, ಬೇರೆ ವ್ಯವಸ್ಥೆ ಆಗುವವರೆಗೆ ತನ್ನ ಮಹಡಿಯಲ್ಲೇ ಇರುತ್ತಾಳೆ.